ಕೆಲಸ ಬೇರೆಯವರಿಗೆ ಹೋದಾಗ ಗಿರಾಕಿಗೆ ಬರೆಯುವ ಮೆಸೇಜು

ಮೈಸೂರಿನಲ್ಲಿ ಮಾಡ್ಯುಲರ್ ಕಿಚನ್ ಮತ್ತು ವಾರ್ಡ್‌ರೋಬ್ ಮಾಡಿಕೊಡುವುದು ನನ್ನ ಕೆಲಸ. ಕೊಟೇಶನ್ ಕೊಟ್ಟ ಮನೆಗಳೆಲ್ಲ ನಮಗೇ ಆಗುವುದಿಲ್ಲ. ಅಳತೆ ತೆಗೆದು, ಎರಡು ಸಲ ಡ್ರಾಯಿಂಗ್ ಬದಲಿಸಿ, ಲ್ಯಾಮಿನೇಟ್ ಪುಸ್ತಕ ಹೊತ್ತುಕೊಂಡು ಹೋಗಿ ತೋರಿಸಿದ ಮೇಲೆ ಒಂದು ದಿನ ಮೆಸೇಜ್ ಬರುತ್ತದೆ: ‘ಸಾರಿ ಸರ್, ಬೇರೆಯವರಿಗೆ ಕೊಟ್ವಿ. ಬೇಜಾರು ಮಾಡ್ಕೋಬೇಡಿ.’

ಆ ಕೊನೆಯ ಮಾತನ್ನು ಗಮನಿಸಿ. ಬೇಜಾರು ನಮಗೆ ಮಾತ್ರ ಅಲ್ಲ, ಅವರಿಗೂ ಆಗಿದೆ. ನಮ್ಮಿಂದ ಕೆಲಸ ಮಾಡಿಸಿಕೊಂಡು ಬೇರೆಯವರಿಗೆ ಅಡ್ವಾನ್ಸ್ ಕೊಟ್ಟೆವಲ್ಲ ಅನ್ನುವ ಸಂಕೋಚ ಅದು. ಇದನ್ನು ಹಾಗೇ ಬಿಟ್ಟರೆ ಅವರು ಮಾರ್ಕೆಟ್ಟಿನಲ್ಲಿ ಎದುರು ಸಿಕ್ಕರೂ ಮುಖ ತಿರುಗಿಸುತ್ತಾರೆ. ಎರಡು ವರ್ಷದ ನಂತರ ವಾರ್ಡ್‌ರೋಬ್ ಬೇಕಾದಾಗ ನಮ್ಮ ನಂಬರ್ ಇದ್ದರೂ ಫೋನ್ ಮಾಡುವುದಿಲ್ಲ. ನಮ್ಮ ಕೆಲಸ ಇಷ್ಟವಾಗಿರಲಿಲ್ಲ ಅಂತಲ್ಲ, ಯಾವ ಮುಖ ಇಟ್ಟುಕೊಂಡು ಕೇಳುವುದು ಅಂತ. ನಾವು ಬರೆಯುವ ಧನ್ಯವಾದಕ್ಕೆ ಇರುವುದು ಒಂದೇ ಕೆಲಸ. ಆ ಸಂಕೋಚ ಇಳಿಸುವುದು.

ಮೊದಲು, ಸ್ವಲ್ಪ ತಡೆಯಿರಿ

ಮೆಸೇಜ್ ನೋಡಿದ ತಕ್ಷಣ ಉತ್ತರ ಬರೆಯಬೇಡಿ. ಆಗ ಬೆರಳು ಸುಮ್ನೆ ‘ಓಕೆ ಸರ್’ ಅಂತ ಒತ್ತಿಬಿಡುತ್ತದೆ. ಆ ಎರಡು ಪದ ಓದಿದವರಿಗೆ ನಾವು ಸಿಟ್ಟಾಗಿದ್ದೇವೆ ಅನಿಸುತ್ತದೆ. ಹಾಗಂತ ವಾರ ಬಿಟ್ಟು ಬರೆದರೂ ಪ್ರಯೋಜನವಿಲ್ಲ, ಅಷ್ಟರಲ್ಲಿ ಮೌನವೇ ಉತ್ತರವಾಗಿರುತ್ತದೆ. ಬೆಳಿಗ್ಗೆ ಬಂದಿದ್ದರೆ ಸಂಜೆ, ಸಂಜೆ ಬಂದಿದ್ದರೆ ಮರುದಿನ ಬೆಳಿಗ್ಗೆ ಬರೆಯಿರಿ. ಅವರು ಯಾವುದರಲ್ಲಿ ತಿಳಿಸಿದರೋ ಅದರಲ್ಲೇ ಉತ್ತರ ಕೊಡಿ. ವಾಟ್ಸಾಪಿನಲ್ಲಿ ತಿಳಿಸಿದವರಿಗೆ ಫೋನ್ ಮಾಡಿದರೆ ಕಷ್ಟ. ನೇರವಾಗಿ ಹೇಳಲು ಆಗದೆ ಬರೆದು ಕಳಿಸಿದವರು ಅವರು. ಫೋನ್ ರಿಂಗಾದರೆ ‘ಈಗ ಕಾರಣ ಕೇಳ್ತಾರೆ’ ಅಂತ ಹೆದರುತ್ತಾರೆ.

ಈ ಮಧ್ಯದ ಸಮಯದಲ್ಲಿ ಅವರ ಮನೆಯ ಅಳತೆ ಹಾಳೆ ತೆಗೆದು ಒಂದು ಸಲ ನೋಡಿ. ಬರೆಯಬೇಕಾದ ಮಾತು ಸಿಗುವುದು ಅಲ್ಲೇ.

ಬರೆಯುವುದು ಹೀಗೆ

ವಿಜಯನಗರದ ಒಂದು ಮನೆಯ ಉದಾಹರಣೆ ಹೇಳುತ್ತೇನೆ. ಹತ್ತು ಅಡಿ ಉದ್ದ, ಎಂಟು ಅಡಿ ಅಗಲದ ಅಡುಗೆಮನೆ, ಎಲ್ ಆಕಾರದ ಕಟ್ಟೆ. ನಮ್ಮ ಕೊಟೇಶನ್ 2,85,000 ರೂಪಾಯಿ. ಬೇರೆಯವರು ಅದಕ್ಕಿಂತ ನಲವತ್ತೈದು ಸಾವಿರ ಕಡಿಮೆ ಹೇಳಿದರು, ಕೆಲಸ ಅವರಿಗೆ ಹೋಯಿತು. ಮನೆಯ ಮೇಡಂ ತಾವೇ ಮೆಸೇಜ್ ಮಾಡಿ ತಿಳಿಸಿದರು. ಮರುದಿನ ಬೆಳಿಗ್ಗೆ ನಾನು ಬರೆದದ್ದು ಇದು:

‘ನಮಸ್ಕಾರ ಮೇಡಂ. ನೀವೇ ಮೆಸೇಜ್ ಮಾಡಿ ತಿಳಿಸಿದಿರಿ, ಅದಕ್ಕೆ ಧನ್ಯವಾದ. ಬಜೆಟ್ ನೋಡಿ ತೀರ್ಮಾನ ಮಾಡಿದ್ದೀರಿ, ಅದು ಸರಿಯೇ. ನಾನು ಮೂರು ಸಲ ಬಂದಾಗಲೂ ಜೊತೆಗೆ ನಿಂತು ಟೇಪ್ ಹಿಡಿದಿರಿ. ಅಮ್ಮನಿಗೆ ಕಟ್ಟೆ 31 ಇಂಚು ಎತ್ತರ ಇರಲಿ ಅಂದಿದ್ದಿರಿ. ಅದನ್ನು ಹೊಸಬರಿಗೂ ಮರೆಯದೆ ಹೇಳಿ, ಅಮ್ಮನಿಗೆ ಅನುಕೂಲ ಆಗುತ್ತೆ. ಗೋಡೆಯ ಅಳತೆ ಹಾಳೆ ಕಳಿಸಿದ್ದೇನೆ. ಸಿಂಕ್ ಪಕ್ಕದ ಮೂಲೆ 20 ಎಂಎಂ ಓರೆ ಇದೆ, ಗುರುತು ಹಾಕಿದ್ದೇನೆ. ಕೆಲಸ ಮಾಡುವವರಿಗೆ ಉಪಯೋಗ ಆದರೆ ಕೊಡಿ. ಗೃಹಪ್ರವೇಶ ಚೆನ್ನಾಗಿ ಆಗಲಿ. ಮುಂದೆ ಯಾವಾಗಲಾದರೂ ಮಗಳ ರೂಮಿನ ವಾರ್ಡ್‌ರೋಬ್ ಮಾಡಿಸುವಾಗ ಅಳತೆ ನೋಡಬೇಕು ಅನಿಸಿದರೆ ಹೇಳಿ, ಬರುತ್ತೇನೆ.’

ಇದರಲ್ಲಿ ಮೊದಲ ಧನ್ಯವಾದ ತಿಳಿಸಿದ್ದಕ್ಕೆ. ಇದು ಉಪಚಾರದ ಮಾತಲ್ಲ. ಎಷ್ಟೋ ಜನ ತಿಳಿಸುವುದೇ ಇಲ್ಲ. ನಾವು ಆ ತಿಂಗಳು ಕಾರ್ಪೆಂಟರ್‌ಗಳನ್ನು ಬೇರೆ ಸೈಟಿಗೆ ಹಾಕದೆ ಕಾಯುತ್ತಿರುತ್ತೇವೆ. ಸಕಾಲಕ್ಕೆ ‘ಇಲ್ಲ’ ಅಂದವರು ನಿಜವಾಗಿಯೂ ಉಪಕಾರ ಮಾಡಿದ್ದಾರೆ.

ಎರಡನೆಯ ಮಾತಿನಿಂದ ಅವರ ತೀರ್ಮಾನವನ್ನು ಒಪ್ಪಿದಂತಾಯಿತು. ಇಲ್ಲಿ ‘ಆದರೆ’ ಅನ್ನುವ ಪದ ಬರಬಾರದು. ‘ಬಜೆಟ್ ಅರ್ಥವಾಗುತ್ತೆ, ಆದರೆ ಕ್ವಾಲಿಟಿ...’ ಅಂದರೆ ಹಿಂದಿನ ಮಾತೆಲ್ಲ ಅಳಿಸಿಹೋಗುತ್ತದೆ.

ಕಟ್ಟೆಯ ಎತ್ತರದ ಮಾತು ಆ ಒಂದು ಮನೆಗೆ ಮಾತ್ರ ಬರೆಯಬಹುದಾದದ್ದು. ‘ನಿಮ್ಮ ಅಮೂಲ್ಯ ಸಮಯಕ್ಕೆ ಧನ್ಯವಾದಗಳು’ ಅಂತ ಬರೆದರೆ ಎಲ್ಲರಿಗೂ ಕಳಿಸುವ ಮೆಸೇಜ್ ಅಂತ ತಿಳಿದುಬಿಡುತ್ತದೆ. ಅವರ ಬಾಯಿಂದಲೇ ಬಂದ ಒಂದು ಮಾತನ್ನು ನೆನಪಿಟ್ಟು ಬರೆದರೆ ಸಾಕು. ಕೆಲಸ ಸಿಗದಿದ್ದರೂ ಇವರು ನಮ್ಮ ಮಾತು ಕೇಳಿಸಿಕೊಂಡಿದ್ದರು ಅನ್ನುವುದು ಅವರ ಮನಸ್ಸಿನಲ್ಲಿ ಉಳಿಯುತ್ತದೆ.

ಏನು ಕೊಡಬೇಕು, ಏನು ಕೊಡಬಾರದು

ಅಳತೆ ಹಾಳೆ ಯಾಕೆ ಕಳಿಸಿದೆ ಅಂತ ನಮ್ಮ ಅಂಗಡಿಯ ಹುಡುಗರೇ ಕೇಳಿದರು. ಗೋಡೆ ಅವರದ್ದು, ಆದ್ದರಿಂದ ಅದರ ಅಳತೆಯೂ ಅವರದ್ದೇ ಅಂತ ನನ್ನ ಲೆಕ್ಕ. ಡ್ರಾಯಿಂಗ್ ಹಾಗಲ್ಲ. ಯಾವ ಡ್ರಾಯರ್ ಎಲ್ಲಿ, ಟಾಲ್ ಯೂನಿಟ್ ಎಷ್ಟು ಅಗಲ ಅನ್ನುವುದು ನಾನು ಕೂತು ಯೋಚಿಸಿ ಮಾಡಿದ್ದು. ಅದನ್ನು ಕಳಿಸಲಿಲ್ಲ, ಅವರೂ ಕೇಳಲಿಲ್ಲ. ಕೇಳಿದ್ದರೆ ‘ಅದಕ್ಕೆ ಡಿಸೈನ್ ಚಾರ್ಜ್ ಇದೆ ಮೇಡಂ’ ಅಂತ ನೇರವಾಗಿ ಹೇಳುತ್ತಿದ್ದೆ. ಒಳ್ಳೆಯ ಮನಸ್ಸಿನಿಂದ ಕೊಡುವುದಕ್ಕೂ ಒಂದು ಗೆರೆ ಬೇಕು.

ಓರೆ ಮೂಲೆಯ ವಿಷಯ ಬಹಳ ಮುಖ್ಯವಾದದ್ದು. ಎರಡು ಗೋಡೆ ಸೇರುವ ಕಡೆ ಮೂಲೆಮಟ್ಟಕ್ಕೆ ಸರಿ ಇಲ್ಲದಿದ್ದರೆ, ಫ್ಯಾಕ್ಟರಿಯಲ್ಲಿ ನೇರವಾಗಿ ಕತ್ತರಿಸಿ ತಂದ ಕ್ಯಾಬಿನೆಟ್ ಗೋಡೆಗೆ ಕೂರುವುದಿಲ್ಲ. ಒಂದು ತುದಿಯಲ್ಲಿ ಸಂದು ಬಿಡುತ್ತದೆ. ಮೊದಲೇ ಗೊತ್ತಿದ್ದರೆ ಒಂದು ಫಿಲ್ಲರ್ ಪಟ್ಟಿಗೆ ಜಾಗ ಇಟ್ಟುಕೊಳ್ಳುತ್ತಾರೆ. ಇಂಥ ವಿಷಯ ಹೇಳುವಾಗ ದನಿ ತಪ್ಪಬಾರದು. ‘ಅವರು ಇದನ್ನು ನೋಡಿರಲ್ಲ, ಹುಷಾರು’ ಅಂದರೆ ಹೆದರಿಸಿದಂತೆ. ಅಳತೆ ಎಷ್ಟು, ಎಲ್ಲಿ ಅಂತ ಮಾತ್ರ ಹೇಳಿ ನಿಲ್ಲಿಸಬೇಕು. ಪ್ಲೈವುಡ್ಡಿನ ಮಾತಂತೂ ಎತ್ತಲೇಬೇಡಿ. ‘ಸಿಂಕ್ ಕೆಳಗೆ ನೀರು ತಡೆಯುವ ಬಿಡಬ್ಲ್ಯೂಪಿ ಪ್ಲೈ ಹಾಕಿಸಿ’ ಅನ್ನುವುದು ಒಳ್ಳೆಯ ಸಲಹೆಯೇ. ಆದರೆ ಸೋತ ಮರುದಿನ ನಮ್ಮ ಬಾಯಿಂದ ಬಂದರೆ, ಆ ಇನ್ನೊಬ್ಬರು ಕಳಪೆ ಮಾಲು ಹಾಕುತ್ತಾರೆ ಅಂದ ಹಾಗೆ ಕೇಳಿಸುತ್ತದೆ.

ರೇಟನ್ನು ಇನ್ನೊಮ್ಮೆ ಇಳಿಸುವುದೂ ಬೇಡ. ವ್ಯಾಪಾರ ಶುರುಮಾಡಿದ ಹೊಸದರಲ್ಲಿ ನಾನು ಹೀಗೆ ಮಾಡಿದ್ದೆ. ಧನ್ಯವಾದ ಬರೆದು, ಕೊನೆಯಲ್ಲಿ ‘ಇನ್ನೂ ಮೂವತ್ತು ಸಾವಿರ ಬಿಡಬಹುದು’ ಅಂತ ಸೇರಿಸಿದೆ. ‘ಹಾಗಾದ್ರೆ ಇಷ್ಟು ದಿನ ಮೂವತ್ತು ಸಾವಿರ ಜಾಸ್ತಿ ಹೇಳ್ತಿದ್ರಾ?’ ಅಂತ ಉತ್ತರ ಬಂತು. ಅವರು ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಆ ಮನೆಯವರು ಮತ್ತೆ ಮಾತಾಡಲೇ ಇಲ್ಲ.

ಕಾರಣ ಕೇಳುವ ಆಸೆ ಎಲ್ಲರಿಗೂ ಇರುತ್ತದೆ. ಧನ್ಯವಾದದ ಜೊತೆ ಕೇಳಿದರೆ ಅದು ವಿಚಾರಣೆಯಂತಾಗುತ್ತದೆ. ನಿಮ್ಮ ಮೆಸೇಜಿನಲ್ಲಿ ಪ್ರಶ್ನಾರ್ಥಕ ಚಿಹ್ನೆ ಒಂದೂ ಇಲ್ಲದಂತೆ ನೋಡಿಕೊಳ್ಳಿ. ಉತ್ತರ ಬರೆಯಲೇಬೇಕು ಅನ್ನುವ ಭಾರ ಅವರ ಮೇಲೆ ಬೀಳಬಾರದು. ಹಾಗೆ ಬಿಟ್ಟಾಗ ಎಷ್ಟೋ ಸಲ ಅವರೇ ಕಾರಣ ಬರೆದು ಕಳಿಸುತ್ತಾರೆ.

ಬಾಗಿಲು ತೆರೆದಿಡುವ ಮಾತು

‘ಮುಂದೆ ಅವಕಾಶ ಕೊಡಿ’ ಅಂದರೆ ಬೇಡಿದಂತೆ. ಅದರ ಬದಲು ಆ ಮನೆಯಲ್ಲಿ ಮುಂದೆ ನಿಜವಾಗಿಯೂ ಬರಬಹುದಾದ ಒಂದು ಕೆಲಸದ ಹೆಸರು ಹೇಳಿ. ಅವರೇ ಮಾತಿನ ನಡುವೆ ‘ಮಗಳ ರೂಮು ಈಗ ಬೇಡ, ಆಮೇಲೆ ನೋಡೋಣ’ ಅಂದಿದ್ದರು. ನಾನು ಹಿಡಿದುಕೊಂಡಿದ್ದು ಅದನ್ನೇ. ಹಾಗೆ ಬರೆಯುವಾಗ ಹಳೆಯ ರೇಟಿನ ಮಾತು ಕೊಡಬೇಡಿ. ಪ್ಲೈ, ಹಾರ್ಡ್‌ವೇರ್ ಬೆಲೆ ಬದಲಾಗುತ್ತಲೇ ಇರುತ್ತದೆ. ‘ಯಾವಾಗ ಬಂದರೂ ಇದೇ ರೇಟು’ ಅಂದವರು ಮುಂದೆ ಒಂದೋ ಮಾತು ತಪ್ಪಬೇಕು, ಇಲ್ಲವೇ ನಷ್ಟ ಮಾಡಿಕೊಳ್ಳಬೇಕು.

ಅದೇ ದಿನ ಇನ್ನೊಬ್ಬರಿಗೂ ಬರೆಯುವುದಿದೆ. ಆ ಮನೆ ತೋರಿಸಿದವರಿಗೆ. ನನಗೆ ಹೇಳಿದ್ದು ಅಲ್ಲಿ ಕೆಲಸ ಮಾಡುತ್ತಿದ್ದ ಪ್ಲಂಬರ್. ‘ಅಣ್ಣಾ, ಆ ಮನೆ ನಮಗೆ ಆಗಲಿಲ್ಲ. ಆದ್ರೂ ನೀವು ಹೇಳಿದ್ದಕ್ಕೆ ಥ್ಯಾಂಕ್ಸ್. ತುಂಬಾ ಒಳ್ಳೆ ಜನ’ ಅಂತ ಬರೆದೆ. ಪ್ಲಂಬರ್ ಇನ್ನೂ ಎರಡು ತಿಂಗಳು ಆ ಮನೆಗೆ ಹೋಗಿ ಬರುವವರು. ನಾವು ಗೊಣಗಿದರೆ ಅದೂ ಅಲ್ಲಿಗೆ ಮುಟ್ಟುತ್ತದೆ, ಒಳ್ಳೆಯದು ಆಡಿದರೆ ಅದೂ ಮುಟ್ಟುತ್ತದೆ.

ಆಮೇಲೆ ಸುಮ್ಮನಿರಬೇಕು. ಡೈರಿಯಲ್ಲಿ ಗೃಹಪ್ರವೇಶದ ತಾರೀಖು ಬರೆದಿಟ್ಟು, ಆ ದಿನ ಒಂದು ಸಾಲು ಶುಭಾಶಯ ಕಳಿಸಿದರೆ ಸಾಕು. ‘ಕಿಚನ್ ಹೇಗಿದೆ?’ ಅಂತ ಕೇಳಬಾರದು. ಅವರ ನಂಬರನ್ನು ಆಫರ್ ಕಳಿಸುವ ಬ್ರಾಡ್‌ಕಾಸ್ಟ್ ಪಟ್ಟಿಯಿಂದ ತೆಗೆದುಬಿಡಿ. ಹಬ್ಬಕ್ಕೊಂದು ರಿಯಾಯಿತಿ ಪೋಸ್ಟರ್ ಬರತೊಡಗಿದರೆ, ಮೊದಲು ಬರೆದ ಮಾತೂ ಜಾಹೀರಾತಾಗಿ ಕಾಣುತ್ತದೆ.

ಕೆಲವೊಮ್ಮೆ ಗಿರಾಕಿ ಅರ್ಧದಲ್ಲೇ ಫೋನ್ ಮಾಡುತ್ತಾರೆ. ಆ ಕಡೆಯವರು ಕೆಲಸ ನಿಲ್ಲಿಸಿದ್ದಾರೆ, ಬಂದು ಮುಗಿಸಿಕೊಡಿ ಅಂತ. ಆಗ ‘ನಾನು ಅವತ್ತೇ ಹೇಳಿದ್ದೆ’ ಅನ್ನಬಾರದು. ಅಡ್ವಾನ್ಸ್ ಲೆಕ್ಕ ಮೊದಲು ಅವರ ಜೊತೆ ಮುಗಿಸಿಕೊಳ್ಳಿ ಅಂತ ಹೇಳಿ. ಅವರು ಕೂರಿಸಿದ ಪೆಟ್ಟಿಗೆಗಳಿಗೆ ನಿಮ್ಮ ಗ್ಯಾರಂಟಿ ಇಲ್ಲ ಅನ್ನುವುದನ್ನು ಬರೆದು ಕೊಟ್ಟ ನಂತರವೇ ಕೈ ಹಾಕಿ. ಇಲ್ಲದಿದ್ದರೆ ಅವರ ಹಿಂಜ್ ಸಡಿಲವಾದಾಗ ಫೋನ್ ಬರುವುದು ನಿಮಗೆ.

ವಿಜಯನಗರದ ಮೇಡಂ ಅವತ್ತು ಒಂದು ಕೈಮುಗಿದ ಚಿಹ್ನೆ ಮಾತ್ರ ಕಳಿಸಿದ್ದರು. ಹದಿನಾಲ್ಕು ತಿಂಗಳು ಕಳೆದ ಮೇಲೆ ಫೋನ್ ಬಂತು. ನಮ್ಮ ಹಳೆಯ ಮೆಸೇಜ್ ಹುಡುಕಿ ನಂಬರ್ ತೆಗೆದೆ ಅಂದರು. ‘ಅಮ್ಮನಿಗೆ ಕಟ್ಟೆ ಎತ್ತರ ಸರಿಯಾಗಿದೆ’ ಅಂತ ಮೊದಲು ಅದನ್ನೇ ಹೇಳಿದರು. ಆಮೇಲೆ, ‘ಭಾನುವಾರ ಟೇಪ್ ತಗೊಂಡು ಬರ್ತೀರಾ? ಮಗಳ ರೂಮು ಮಾಡಿಸೋಣ ಅಂತಿದ್ದೀವಿ.’