ಓಮ ಜೀರಿಗೆಯ ನೀರು: ಅರ್ಧ ಚಮಚದ ಲೆಕ್ಕ ಮತ್ತು ನಾನು ಕೇಳಲು ಮರೆತ ಪ್ರಶ್ನೆ

ಮಲೆನಾಡಿನ ಒಂದು ಸಣ್ಣ ಊರಿನಲ್ಲಿ ಆಯುರ್ವೇದ ವೈದ್ಯನಾಗಿ ಕುಳಿತ ಮೊದಲ ವರ್ಷಗಳಲ್ಲಿ ನನ್ನ ಬಳಿಗೆ ಬರುತ್ತಿದ್ದ ವಯಸ್ಕರಲ್ಲಿ ಬಹಳ ಮಂದಿ ಹೇಳುತ್ತಿದ್ದುದು ಒಂದೇ ಮಾತು: ‘ಗ್ಯಾಸು ಡಾಕ್ಟ್ರೇ’. ಊಟವಾದ ಮೇಲೆ ಹೊಟ್ಟೆ ಕಲ್ಲಿನಂತಾಗುವುದು, ತೇಗು ಬಾರದೆ ಒದ್ದಾಡುವುದು, ಎದೆ ಉರಿಯುವುದು, ಹೊಟ್ಟೆಯ ಬಾಯಿಯಲ್ಲಿ ಕೊರೆದಂತೆ ನೋಯುವುದು, ಇವೆಲ್ಲವನ್ನೂ ನಮ್ಮ ಕಡೆ ಆ ಒಂದೇ ಶಬ್ದದಲ್ಲಿ ಹೇಳಿ ಮುಗಿಸುತ್ತಾರೆ. ಬಂದವರಲ್ಲಿ ಹೆಚ್ಚಿನವರು ಮನೆಯಲ್ಲಿ ಓಮದ ಕಷಾಯ ಮಾಡಿ ಕುಡಿದೇ ಬಂದಿರುತ್ತಿದ್ದರು. ಹೇಗೆ ಮಾಡಿದಿರಿ ಎಂದು ಕೇಳಿದರೆ ಉತ್ತರವೂ ಸಾಮಾನ್ಯವಾಗಿ ಒಂದೇ ಆಗಿರುತ್ತಿತ್ತು: ಒಂದು ಹಿಡಿ ಓಮ, ಎರಡು ಲೋಟ ನೀರು, ಅದು ಒಂದು ಲೋಟಕ್ಕೆ ಇಳಿಯುವವರೆಗೆ ಕುದಿ.

ಈ ಕ್ರಮದಲ್ಲಿ ಎರಡು ತಪ್ಪುಗಳಿವೆ. ಓಮದ ಕೆಲಸವೆಲ್ಲ ಇರುವುದು ಅದರ ಎಣ್ಣೆಯಲ್ಲಿ, ಆ ಎಣ್ಣೆಯ ಮುಖ್ಯ ಅಂಶ ಥೈಮಾಲ್. ಕಾಳನ್ನು ಅಂಗೈಯಲ್ಲಿ ತಿಕ್ಕಿದಾಗ ಮೂಗಿಗೆ ಏರುವ ಘಾಟು ಅದರದೇ. ಅದು ಆವಿಯೊಂದಿಗೆ ಹಾರಿಹೋಗುವ ವಸ್ತುವಾದ್ದರಿಂದ ಪಾತ್ರೆಯ ಬಾಯಿ ತೆರೆದಿಟ್ಟು ಅರ್ಧ ಗಂಟೆ ಕುದಿಸಿದರೆ ಅಡುಗೆಮನೆಯೆಲ್ಲ ಘಮಘಮಿಸುತ್ತದೆಯೇ ಹೊರತು ಬೇಕಾದ ಅಂಶ ಲೋಟದಲ್ಲಿ ಕಡಿಮೆಯಾಗಿ, ಕಾಳಿನ ಕಹಿಯೂ ಒಗರೂ ಉಳಿಯುತ್ತವೆ. ಎರಡನೆಯದಾಗಿ, ಹಿಡಿಯಷ್ಟು ಕಾಳು ಹಾಕಿದಾಗ ಎಷ್ಟೇ ಹಾರಿಹೋದರೂ ಉಳಿದದ್ದೇ ಗಂಟಲನ್ನು ಸುಡುವಷ್ಟಿರುತ್ತದೆ. ಪರಿಮಳದ ದ್ರವ್ಯಗಳಿಗೆ ಕಷಾಯಕ್ಕಿಂತ ಫಾಂಟವೇ ಸರಿ, ಅಂದರೆ ಬಿಸಿನೀರಿನಲ್ಲಿ ಮುಚ್ಚಿ ನೆನೆಸಿ ಸೋಸುವ ಕ್ರಮ, ಎಂದು ನಾವು ಕಾಲೇಜಿನಲ್ಲಿ ಓದಿಯೇ ಇರುತ್ತೇವೆ. ಆದರೆ ಮನೆಯ ರೂಢಿಯ ಮುಂದೆ ಆ ಪಾಠ ಮರೆತುಹೋಗುತ್ತದೆ. ನನಗೂ ಮರೆತಿತ್ತು.

ನೆನಪಾದದ್ದು ನನ್ನದೇ ಹೊಟ್ಟೆಯಿಂದ. ಒಂದು ಮದುವೆಯಲ್ಲಿ ಹೋಳಿಗೆ ಊಟ ಮಾಡಿ ಬಂದ ರಾತ್ರಿ ಹೊಟ್ಟೆ ಉಬ್ಬರಿಸಿ ಮಲಗಲಾಗದೆ ಎರಡು ಚಮಚ ಓಮವನ್ನು ಕುದಿಸಿ ಕುಡಿದೆ. ಉಬ್ಬರವೇನೋ ಇಳಿಯಿತು; ಆದರೆ ಅರ್ಧ ಗಂಟೆಯ ಬಳಿಕ ಎದೆಯುರಿ ಆರಂಭವಾಗಿ ಬೆಳಗಿನವರೆಗೂ ಹುಳಿತೇಗು ಬರುತ್ತಿತ್ತು. ಓಮದ ಎಣ್ಣೆ ಕರುಳಿನ ಸ್ನಾಯುಗಳ ಬಿಗಿಯನ್ನು ಸಡಿಲಿಸುವುದರಿಂದ ವಾಯು ಹೊರಬೀಳುತ್ತದೆ. ಅನ್ನನಾಳವೂ ಜಠರವೂ ಕೂಡುವಲ್ಲಿರುವ ಬಿಗಿಯೂ ಅದೇ ರೀತಿ ಸಡಿಲವಾದರೆ ಹುಳಿ ಮೇಲೇರುತ್ತದೆ, ಅದರಲ್ಲೂ ಕುಡಿದ ಕೂಡಲೇ ಅಡ್ಡಾದವರಿಗೆ. ಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ ಓಮ ಉಷ್ಣವೀರ್ಯ, ತೀಕ್ಷ್ಣ. ವಾತಕ್ಕೆ ಒಳ್ಳೆಯದು, ಪಿತ್ತವನ್ನು ಕೆರಳಿಸುತ್ತದೆ. ಜೀರಿಗೆಯೂ ಉಷ್ಣವೇ, ಆದರೆ ಅದರ ಕಾವು ಮೆತ್ತಗಿನದು.

ಅಂದಿನಿಂದ ಔಷಧದ ತಕ್ಕಡಿಯಲ್ಲಿ ತೂಗಿ, ನಾನೇ ಕುಡಿದು, ಒಂದು ಅಳತೆಗೆ ಬಂದು ನಿಂತೆ. ಮಟ್ಟಸವಾದ ಒಂದು ಟೀ ಚಮಚ ಓಮ ಎರಡು ಗ್ರಾಮಿಗಿಂತ ಸ್ವಲ್ಪ ಹೆಚ್ಚು ತೂಗುತ್ತದೆ. ನಾನು ಬಳಸುವುದು ಅರ್ಧ ಚಮಚ ಓಮ, ಒಂದು ಚಮಚ ಜೀರಿಗೆ, 300 ಮಿಲಿಲೀಟರ್ ನೀರು. ಮೊದಲು ಜೀರಿಗೆಯನ್ನು ಮಾತ್ರ ನೀರಿಗೆ ಹಾಕಿ ಸಣ್ಣ ಉರಿಯಲ್ಲಿ ಮೂರು ನಾಲ್ಕು ನಿಮಿಷ ಕುದಿಸಬೇಕು. ಒಲೆ ಆರಿಸಿದ ಮೇಲೆ, ಕುಟ್ಟಾಣಿಯಲ್ಲಿ ಒಮ್ಮೆ ಜಜ್ಜಿದ ಓಮವನ್ನು ಹಾಕಿ ತಟ್ಟೆ ಮುಚ್ಚಿ ಹತ್ತು ನಿಮಿಷ ಬಿಡಬೇಕು. ತಟ್ಟೆಯ ಒಳಮೈಯಲ್ಲಿ ಕೂತ ಹನಿಗಳಲ್ಲಿ ಪರಿಮಳವಿರುತ್ತದೆ, ಅವನ್ನು ಪಾತ್ರೆಗೇ ಜಾಡಿಸಿ ಸೋಸಿಕೊಳ್ಳಬೇಕು. ಇದು ಎರಡು ಸಲಕ್ಕೆ ಆಗುತ್ತದೆ. ಒಂದು ಸಲಕ್ಕೆ ಸುಮಾರು 120 ಮಿಲಿಲೀಟರ್, ಅಂದರೆ ಅರ್ಧ ಲೋಟ.

ಹದ ಸರಿಯಾಗಿದೆಯೇ ಎಂಬುದನ್ನು ಕಣ್ಣೂ ನಾಲಿಗೆಯೂ ಹೇಳುತ್ತವೆ. ನೀರು ತೆಳು ಹಳದಿಯಾಗಿರಬೇಕು, ನಾಲಿಗೆಯ ತುದಿ ಸ್ವಲ್ಪ ಚುರುಗುಟ್ಟಬೇಕು, ಗಂಟಲು ಉರಿಯಬಾರದು. ಬಣ್ಣ ಕಂದಾಗಿ ಗಂಟಲು ಹಿಡಿದರೆ ಅಷ್ಟೇ ಬಿಸಿನೀರು ಬೆರೆಸಿ ತೆಳುವಾಗಿಸಬೇಕು. ‘ಘಾಟಿದ್ದರೇ ಔಷಧ’ ಎಂಬ ಹಠ ಇಲ್ಲಿ ಸಲ್ಲದು. ಕುಡಿಯುವ ಹೊತ್ತು ಊಟವಾಗಿ ಇಪ್ಪತ್ತು ಮೂವತ್ತು ನಿಮಿಷದ ನಂತರ, ಉಗುರುಬೆಚ್ಚಗೆ, ಗುಟುಕು ಗುಟುಕಾಗಿ. ಮಧ್ಯಾಹ್ನ ಮತ್ತು ರಾತ್ರಿಯ ಊಟದ ಬಳಿಕ ಒಂದೊಂದು ಸಲ, ದಿನಕ್ಕೆ ಎರಡೇ ಸಲ, ಮೂರರಿಂದ ಐದು ದಿನ. ರಾತ್ರಿ ಕುಡಿದರೆ ಒಂದು ಗಂಟೆಯಾದರೂ ಅಡ್ಡಾಗಬಾರದು. ಬೆಳಿಗ್ಗೆ ಖಾಲಿ ಹೊಟ್ಟೆಗೆ ತೂಕ ಇಳಿಸಲೆಂದು ಕುಡಿಯುವ ಪದ್ಧತಿ ಈಚೆಗೆ ಹಬ್ಬಿದೆ; ಅಜೀರ್ಣಕ್ಕೆ ನಾನು ಅದನ್ನು ಹೇಳುವುದಿಲ್ಲ. ಅಂಗಡಿಯಲ್ಲಿ ಸಿಗುವ ಬಾಟಲಿಯ ಓಮದ ನೀರು ಬಟ್ಟಿ ಇಳಿಸಿದ್ದು, ಅದರ ಕಡುಪು ಬೇರೆ. ಅದನ್ನು ಈ ಅಳತೆಯಲ್ಲಿ ಕುಡಿಯಬಾರದು.

ಐದು ದಿನ ಎಂಬ ಗಡುವನ್ನು ನಾನು ಹಾಕಿಕೊಂಡದ್ದು ಒಬ್ಬರ ಪ್ರಕರಣದ ನಂತರ. ಅಡಿಕೆ ತೋಟದವರು, ವಯಸ್ಸು ಐವತ್ತೆಂಟು. ಎರಡು ತಿಂಗಳಿಂದ ಗ್ಯಾಸು ಎಂದು ಬಂದರು. ನಾಡಿ ನೋಡಿ, ಹೊಟ್ಟೆ ಮುಟ್ಟಿ, ಇದೇ ಓಮ ಜೀರಿಗೆಯ ನೀರನ್ನು ಹೇಳಿ ಕಳುಹಿಸಿದೆ. ವಾರದ ನಂತರ ಬಂದು ‘ಪರವಾಗಿಲ್ಲ ಡಾಕ್ಟ್ರೇ, ಕುಡಿದಾಗ ಹಗುರ ಆಗ್ತದೆ’ ಎಂದರು. ಆ ಹಗುರವನ್ನು ನಾನು ಗುಣವೆಂದು ತಿಳಿದೆ. ಮೂರನೆಯ ವಾರ ಅವರು ಹೆಂಡತಿಯೊಂದಿಗೆ ಬಂದಾಗ ಮುಖ ಬಿಳಿಚಿತ್ತು, ಮೆಟ್ಟಿಲು ಹತ್ತಿದ್ದಕ್ಕೇ ಏದುಸಿರು ಬರುತ್ತಿತ್ತು. ನೋವು ಹೆಚ್ಚಾದಂತೆ ಅರ್ಧ ಚಮಚವನ್ನು ಎರಡು ಚಮಚ ಮಾಡಿಕೊಂಡು, ಬೆಳಿಗ್ಗೆ ಬರಿಹೊಟ್ಟೆಗೂ ಕುಡಿಯತೊಡಗಿದ್ದರು. ಆಗ ಆ ಅಮ್ಮ ಸುಮ್ಮನೆ ಎಂಬಂತೆ ಒಂದು ಮಾತು ಹೇಳಿದರು: ‘ರಾತ್ರಿ ಎರಡು ಗಂಟೆಗೆ ಎದ್ದು ಬಿಸ್ಕತ್ತು ತಿಂತಾರೆ, ತಿಂದ್ರೆ ನೋವು ನಿಲ್ತದಂತೆ.’

ಹಸಿವಾದಾಗ, ನಡುರಾತ್ರಿಯಲ್ಲಿ ಬರುವ ನೋವು, ಏನಾದರೂ ತಿಂದರೆ ತಗ್ಗುವ ನೋವು ಉಬ್ಬರದ ನೋವಲ್ಲ. ಅದು ಸಣ್ಣ ಕರುಳಿನ ಮೊದಲ ಭಾಗದ ಹುಣ್ಣಿನ ಗುರುತು ಆಗಿರಬಹುದು. (ಜಠರದೊಳಗಿನ ಹುಣ್ಣು ಹಲವರಲ್ಲಿ ಇದಕ್ಕೆ ತದ್ವಿರುದ್ಧ, ಊಟದಿಂದಲೇ ನೋವು ಹೆಚ್ಚುತ್ತದೆ.) ಮೊದಲ ದಿನವೇ ಕೇಳಬೇಕಿದ್ದ ಪ್ರಶ್ನೆಯನ್ನು ಆಗ ಕೇಳಿದೆ: ಬೇರೆ ಏನು ಮಾತ್ರೆ ತೆಗೆದುಕೊಳ್ಳುತ್ತಿದ್ದೀರಿ? ಮಂಡಿ ನೋವಿಗೆಂದು ಮೆಡಿಕಲ್ ಶಾಪಿನಿಂದ ತಂದ ನೋವಿನ ಮಾತ್ರೆಯನ್ನು ನಾಲ್ಕು ತಿಂಗಳಿಂದ ದಿನವೂ ನುಂಗುತ್ತಿದ್ದರು. ಮಲದ ಬಣ್ಣ ಹೇಗಿದೆ ಎಂದೆ. ‘ಡಾಂಬರಿನ ಹಾಗೆ’ ಎಂದರು. ಕಬ್ಬಿಣಾಂಶದ ಮಾತ್ರೆ ತಿಂದರೂ ಮಲ ಕಪ್ಪಾಗುತ್ತದೆ, ಆದರೆ ಅವರು ಅದನ್ನು ತಿನ್ನುತ್ತಿರಲಿಲ್ಲ. ಜಿಗುಟಾಗಿ, ಕೆಟ್ಟ ವಾಸನೆಯಿಂದ ಕೂಡಿದ ಕಪ್ಪು ಮಲವೆಂದರೆ ಮೇಲ್ಭಾಗದಲ್ಲಿ ಎಲ್ಲೋ ರಕ್ತ ಸೋರುತ್ತಿದೆ ಎಂದು. ಅದೇ ಗಳಿಗೆಯಲ್ಲಿ ಕಾರು ಮಾಡಿಸಿ ದೊಡ್ಡ ಆಸ್ಪತ್ರೆಗೆ ಕಳುಹಿಸಿದೆ.

ಎಂಡೋಸ್ಕೋಪಿಯಲ್ಲಿ ಹುಣ್ಣು ಕಾಣಿಸಿತು, ಹೆಲಿಕೋಬ್ಯಾಕ್ಟರ್ ಪೈಲೊರಿ ಎಂಬ ಬ್ಯಾಕ್ಟೀರಿಯವೂ ಪತ್ತೆಯಾಯಿತು. ಹುಣ್ಣಿಗೆ ಹೆಚ್ಚಾಗಿ ಕಾರಣವಾಗುವುದು ಈ ಬ್ಯಾಕ್ಟೀರಿಯ ಮತ್ತು ನೋವಿನ ಮಾತ್ರೆ, ಇವರಲ್ಲಿ ಎರಡೂ ಸೇರಿದ್ದವು. ಓಮದಿಂದ ಹುಣ್ಣಾಯಿತು ಎಂದು ನಾನು ಹೇಳುತ್ತಿಲ್ಲ. ಆದರೆ ಮೇಲ್ಪದರ ಕಿತ್ತುಹೋದ ಜಾಗಕ್ಕೆ ಕಡುವಾದ ಓಮದ ನೀರು ತಾಗಿದರೆ ಉರಿ ಹೆಚ್ಚುತ್ತದೆ. ಅದಕ್ಕಿಂತ ಕೆಟ್ಟ ಸಂಗತಿಯೆಂದರೆ, ವಾಯು ಇಳಿದು ಸಿಗುವ ತಾತ್ಕಾಲಿಕ ಹಗುರ ರೋಗಿಯನ್ನೂ ವೈದ್ಯನನ್ನೂ ಮೂರು ವಾರ ಸುಮ್ಮನಿರಿಸುತ್ತದೆ, ನಮ್ಮಿಬ್ಬರನ್ನು ಇರಿಸಿದಂತೆ. ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಥೈಮಾಲ್ ಬ್ಯಾಕ್ಟೀರಿಯಗಳನ್ನು ಕೊಲ್ಲುತ್ತದೆ ಎಂದು ತೋರಿಸಿ ಹುಣ್ಣಿಗೂ ಓಮವೇ ಮದ್ದು ಎನ್ನುವವರಿದ್ದಾರೆ. ಅರ್ಧ ಲೋಟ ನೀರಿನಲ್ಲಿರುವ ಅಂಶ ಜಠರದ ಲೋಳೆಯ ಅಡಿಯಲ್ಲಿ ಅವಿತ ಬ್ಯಾಕ್ಟೀರಿಯವನ್ನು ನಿರ್ಮೂಲ ಮಾಡುತ್ತದೆ ಎಂದು ನಂಬಲು ನನಗೆ ಆಧಾರವಿಲ್ಲ. ಅವರಿಗೆ 14 ದಿನಗಳ ಆಂಟಿಬಯೋಟಿಕ್ ಮತ್ತು ಆಮ್ಲ ತಗ್ಗಿಸುವ ಮಾತ್ರೆ ಕೊಟ್ಟರು, ನೋವಿನ ಮಾತ್ರೆ ನಿಲ್ಲಿಸಿದರು, ರಕ್ತಹೀನತೆಗೆ ಬೇರೆ ಚಿಕಿತ್ಸೆ ನಡೆಯಿತು.

ಈಗ ಓಮದ ಮಾತೆತ್ತುವ ಮೊದಲು ನಾನು ಕೇಳುವುದು ಇಷ್ಟು. ಇದು ಉಬ್ಬರವೋ ಉರಿಯೋ? ಉಬ್ಬರವಾದರೆ, ಅದೂ ಅತಿಯಾಗಿ ಉಂಡ ಮೇಲೋ ಬೇಳೆ ಕಡಲೆ ತಿಂದ ಮೇಲೋ ಬಂದದ್ದಾದರೆ, ಮೇಲಿನ ಅಳತೆ. ಉರಿ, ಹುಳಿತೇಗು ಮುಖ್ಯವಾಗಿದ್ದರೆ ಓಮ ಬೇಡ. ಹಿಂದೆ ಹುಣ್ಣು ಆಗಿದ್ದವರಿಗೆ, ನೋವಿನ ಮಾತ್ರೆಯನ್ನೋ ಹೃದಯಕ್ಕೆಂದು ಆಸ್ಪಿರಿನ್ನನ್ನೋ ದಿನವೂ ತೆಗೆದುಕೊಳ್ಳುವವರಿಗೆ, ರಕ್ತ ತೆಳುವಾಗಿಸುವ ಮಾತ್ರೆಯಲ್ಲಿರುವವರಿಗೆ, ಗರ್ಭಿಣಿಯರಿಗೆ ನಾನು ಓಮದ ನೀರನ್ನು ಕೊಡುವುದಿಲ್ಲ. ಐವತ್ತು ದಾಟಿದವರಲ್ಲಿ ಹೊಸದಾಗಿ ಶುರುವಾದ ಅಜೀರ್ಣ, ತೂಕ ಇಳಿಯುವುದು, ನುಂಗಲು ಕಷ್ಟ, ಪದೇ ಪದೇ ವಾಂತಿ, ಇವುಗಳಲ್ಲಿ ಯಾವುದಿದ್ದರೂ ಮೊದಲು ಪರೀಕ್ಷೆ. ಮಲ ಡಾಂಬರಿನಂತಿದ್ದರೆ, ವಾಂತಿಯಲ್ಲಿ ರಕ್ತವೋ ಕಾಫಿ ಚರಟದಂಥದ್ದೋ ಕಂಡರೆ ಅದೇ ದಿನ ಆಸ್ಪತ್ರೆ. ಎದೆ ಬಿಗಿದು ಬೆವರು ಬಂದು ನೋವು ಕೈಗೋ ದವಡೆಗೋ ಹರಿದರೆ ಅದನ್ನು ಗ್ಯಾಸೆಂದು ಓಮ ಕುದಿಸುತ್ತ ಕೂರಬಾರದು, ಅದು ಹೃದಯದ್ದಿರಬಹುದು.

ತೋಟದವರು ಮೂರು ತಿಂಗಳ ನಂತರ ಬಂದರು. ಆಂಟಿಬಯೋಟಿಕ್ ಮುಗಿದು ನಾಲ್ಕು ವಾರಕ್ಕೂ ಮೇಲಾಗಿ, ಆಮ್ಲದ ಮಾತ್ರೆಯನ್ನೂ ಎರಡು ವಾರ ನಿಲ್ಲಿಸಿ ಮಾಡಿಸಿದ ಪರೀಕ್ಷೆಯಲ್ಲಿ ಬ್ಯಾಕ್ಟೀರಿಯ ಇರಲಿಲ್ಲ. ಇನ್ನು ಓಮದ ನೀರು ಕುಡಿಯಬಹುದೇ ಎಂದು ಕೇಳಿದರು. ಬೇಡ ಎಂದೆ. ಉಬ್ಬರ ಬಂದ ದಿನ ಅರ್ಧ ಚಮಚ ಜೀರಿಗೆಯನ್ನಷ್ಟೇ ಒಂದು ಲೋಟ ನೀರಿನಲ್ಲಿ ಕುದಿಸಿ, ಊಟದ ಬಳಿಕ ಅರ್ಧ ಲೋಟ, ಎರಡು ದಿನಕ್ಕಿಂತ ಹೆಚ್ಚಿಲ್ಲದಂತೆ ಕುಡಿಯಲು, ಸ್ವಲ್ಪ ಉರಿ ಕಂಡರೂ ನಿಲ್ಲಿಸಿ ಬಂದು ತೋರಿಸಲು ಹೇಳಿದೆ. ಮಂಡಿ ನೋವಿಗೆ ಏನು ಮಾಡಲಿ ಎಂದು ಅವರು ಕೇಳಿದಾಗ, ಮೊದಲು ಹಳೆಯ ಮಾತ್ರೆಯ ಪಟ್ಟಿಯನ್ನು ಕಿಸೆಯಿಂದ ತೆಗೆಸಿ ಮೇಜಿನ ಮೇಲೆ ಇರಿಸಿಕೊಂಡೆ.