ಉರುಗ್ವೆ ನದಿಯ ಕೇಸನ್ನು ಬಳ್ಳಾರಿಯಲ್ಲಿ ಪಾಠ ಮಾಡಿದ ಬಗೆ

ಬಳ್ಳಾರಿಯಲ್ಲಿ ಕಾನೂನು ಓದುವ ಹುಡುಗರಿಗೆ ನಾನು ಅಂತರರಾಷ್ಟ್ರೀಯ ಕಾನೂನು ಪಾಠ ಮಾಡುತ್ತೇನೆ. ನದಿ ನೀರಿನ ಅಧ್ಯಾಯ ಬಂದರೆ ಸಿಂಧನೂರು, ಸಿರುಗುಪ್ಪ, ಗಂಗಾವತಿ ಕಡೆಯವರು ತಾವಾಗಿಯೇ ಮಾತಿಗಿಳಿಯುತ್ತಾರೆ. ಕಾಲುವೆಯ ಕೊನೆ ಭಾಗಕ್ಕೆ ನೀರು ಬರದಿದ್ದರೆ ಏನಾಗುತ್ತದೆ ಅಂತ ಅವರಿಗೆ ಹೇಳಿಕೊಡಬೇಕಿಲ್ಲ. ಪ್ರತಿ ಸಲ ಒಬ್ಬರಾದರೂ ಕೇಳುತ್ತಾರೆ: "ಕೆಳಗಿನವರು ಒಪ್ಪದೆ ಮೇಲಿನವರು ಅಣೆಕಟ್ಟು ಕಟ್ಟಂಗಿಲ್ಲಲ್ರೀ ಸರ?"

ಈ ನಂಬಿಕೆಗೆ ನಮ್ಮ ನೆಲದಲ್ಲೇ ಬೇರಿದೆ. 1892ರಲ್ಲಿ ಮೈಸೂರು ಮತ್ತು ಮದ್ರಾಸ್ ಸರ್ಕಾರಗಳು ಒಂದು ಒಪ್ಪಂದ ಮಾಡಿಕೊಂಡವು. ಅದರ ಪಟ್ಟಿಯಲ್ಲಿ ತುಂಗಭದ್ರೆಯೂ ಇತ್ತು. ಪಟ್ಟಿಯ ನದಿಗಳಿಗೆ ಮೈಸೂರು ಹೊಸ ಜಲಾಶಯ ಕಟ್ಟಬೇಕಾದರೆ ಪೂರ್ತಿ ವಿವರ ಕಳಿಸಿ, ಮದ್ರಾಸ್‌ನ ಒಪ್ಪಿಗೆ ಪಡೆದೇ ಕೆಲಸ ಶುರು ಮಾಡಬೇಕಿತ್ತು. ಆಗ ಬಳ್ಳಾರಿ ಇದ್ದದ್ದು ಮದ್ರಾಸ್‌ನಲ್ಲಿ. ಅಂದರೆ ಒಪ್ಪಿಗೆ ಕೊಡುವ ಕಡೆ ನಾವಿದ್ದೆವು! (ರಾಯಚೂರು, ಕೊಪ್ಪಳ ನಿಜಾಮರ ಕೈಯಲ್ಲಿದ್ದವು, ಅವರಿಗೆ ಈ ಒಪ್ಪಂದವೇ ಇರಲಿಲ್ಲ.)

ಆದರೆ ದೇಶ ದೇಶಗಳ ನಡುವಿನ ಸಾಮಾನ್ಯ ನಿಯಮ ಹಾಗಿಲ್ಲ. 1957ರಲ್ಲಿ ಫ್ರಾನ್ಸ್ ಮತ್ತು ಸ್ಪೇನ್ ನಡುವಿನ ಲಾನೂ ಸರೋವರದ ಪ್ರಕರಣದಲ್ಲಿ ಮಧ್ಯಸ್ಥಿಕೆ ನ್ಯಾಯಮಂಡಳಿ ಇದನ್ನು ಬಿಡಿಸಿ ಹೇಳಿತು. ನೆರೆಯವರ ಜೊತೆ ಪ್ರಾಮಾಣಿಕವಾಗಿ ಮಾತುಕತೆ ನಡೆಸಬೇಕು, ಅವರ ಹಿತವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಆದರೆ ಬೇಡ ಅಂತ ಯೋಜನೆಯನ್ನೇ ತಡೆಯುವ ಹಕ್ಕು ನೆರೆಯವರಿಗಿಲ್ಲ.

ಒಪ್ಪಿಗೆ ಬೇಕಿಲ್ಲದ ಮೇಲೆ ತಿಳಿಸಿ ಏನು ಪ್ರಯೋಜನ? ಹುಡುಗರು ಇಲ್ಲಿ ಬೇಸರಪಡುತ್ತಾರೆ. ಅದಕ್ಕೇ ನಾನು ಅರ್ಜೆಂಟೀನಾ ಮತ್ತು ಉರುಗ್ವೆಯ ಕೇಸು ತೆಗೆಯುತ್ತೇನೆ. ಎರಡು ದೇಶಗಳ ಗಡಿಯಲ್ಲೇ ಉರುಗ್ವೆ ನದಿ ಹರಿಯುತ್ತದೆ. 1975ರ ಒಪ್ಪಂದದ ಪ್ರಕಾರ, ಈ ದಂಡೆಯಲ್ಲಿ ದೊಡ್ಡ ಕೆಲಸ ಮಾಡುವವರು ಮೊದಲು ಎರಡೂ ದೇಶಗಳ ಜಂಟಿ ಆಯೋಗಕ್ಕೆ ತಿಳಿಸಬೇಕು. ಆಚೆ ದಂಡೆಗೆ ಗಣನೀಯ ಹಾನಿ ಆಗಬಹುದೇ ಅಂತ ಆಯೋಗ 30 ದಿನದೊಳಗೆ ನೋಡಬೇಕು. ಆಗಬಹುದು ಅನಿಸಿದರೆ ಯೋಜನೆಯ ವಿವರ ಆಚೆ ದೇಶಕ್ಕೆ ಹೋಗಬೇಕು. ಉತ್ತರ ಕೊಡಲು ಆ ದೇಶಕ್ಕೆ 180 ದಿನ.

ಬೋರ್ಡಿನ ಮೇಲೆ ಎರಡು ಗೆರೆ ಎಳೆಯುತ್ತೇನೆ. ಮೇಲಿನದು ಉರುಗ್ವೆ ಸರ್ಕಾರ ಕೊಟ್ಟ ಅನುಮತಿಗಳಿಗೆ, ಕೆಳಗಿನದು ಆಯೋಗಕ್ಕೆ ಬಂದ ಕಾಗದಗಳಿಗೆ. ಉರುಗ್ವೆ ತನ್ನ ದಂಡೆಯಲ್ಲಿ ಕಟ್ಟಲು ಬಿಟ್ಟ, ಕಾಗದದ ತಿರುಳು ತಯಾರಿಸುವ ಎರಡು ಕಾರ್ಖಾನೆಗಳ ಪೈಕಿ ಒಂದಕ್ಕೆ 2003ರ ಅಕ್ಟೋಬರ್‌ನಲ್ಲಿ, ಇನ್ನೊಂದಕ್ಕೆ 2005ರ ಫೆಬ್ರವರಿಯಲ್ಲಿ ಮೊದಲ ಪರಿಸರ ಅನುಮತಿ ಸಿಕ್ಕಿತು. ಇವನ್ನು ಹುಡುಗರೇ ಮೇಲಿನ ಗೆರೆಯಲ್ಲಿ ಬರೆಯುತ್ತಾರೆ. ಆ ದಿನಾಂಕಗಳಿಗಿಂತ ಮೊದಲು ಕೆಳಗಿನ ಗೆರೆಯಲ್ಲಿ ಏನಿರಬೇಕಿತ್ತೋ ಅದಿಲ್ಲ. ಆಯೋಗ ಮತ್ತೆ ಮತ್ತೆ ಕೇಳಿದರೂ ಬೇಕಾದ ವಿವರ ಬರಲಿಲ್ಲ. ಕಂಪನಿಯವರ ಕಡೆಯಿಂದ ಮಾಹಿತಿ ಬಂದಿತ್ತಲ್ಲ ಅನ್ನುವ ವಾದವನ್ನು ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ ಒಪ್ಪಲಿಲ್ಲ. ತಿಳಿಸಬೇಕಾದ್ದು ಸರ್ಕಾರ, ಅದೂ ಅನುಮತಿ ಕೊಡುವ ಮೊದಲು. 2010ರ ಏಪ್ರಿಲ್ 20ರ ತೀರ್ಪಿನಲ್ಲಿ ಈ ಕರ್ತವ್ಯ ಮುರಿದದ್ದು ಸಾಬೀತಾಯಿತು.

ಹಾಗಾದರೆ ಕಾರ್ಖಾನೆ ಕೆಡವಿದರಾ? ಇಲ್ಲ. ನದಿ ಕೆಟ್ಟಿದೆ ಅನ್ನುವುದನ್ನು ಅರ್ಜೆಂಟೀನಾ ಸಾಬೀತು ಮಾಡಲಾಗಲಿಲ್ಲ. ತಪ್ಪಾಗಿದೆ ಅಂತ ಘೋಷಿಸಿದ್ದೇ ಸಾಕಷ್ಟು ಪರಿಹಾರ ಅಂದಿತು ನ್ಯಾಯಾಲಯ, ಹಣವನ್ನೂ ಕೊಡಿಸಲಿಲ್ಲ. ನನಗೆ ಇದು ಕಡಿಮೆಯಾಯಿತು ಅನಿಸುತ್ತದೆ, ತರಗತಿಯಲ್ಲೂ ಹಾಗೇ ಹೇಳುತ್ತೇನೆ. ಎದ್ದು ನಿಂತ ಕಾರ್ಖಾನೆ ಮುಂದೆ ತಡವಾಗಿ ಸಿಕ್ಕ ತೀರ್ಪಿಗೆ ಬಲ ಕಡಿಮೆ. ತಿಳಿಸುವ ಕರ್ತವ್ಯಕ್ಕೆ ಜೀವ ಇರುವುದೇ ಕೆಲಸ ಶುರುವಾಗುವ ಮೊದಲು.

ನ್ಯಾಯಸಮ್ಮತ ಬಳಕೆಯ ಪಾಠ ಇದಾದ ಮೇಲೆ ಸಲೀಸು. ಅದು ಸಮಪಾಲು ಅಲ್ಲ. ಯಾವ ದೇಶದಲ್ಲಿ ಎಷ್ಟು ಜನ ಈ ನೀರನ್ನೇ ನಂಬಿದ್ದಾರೆ, ಈಗಾಗಲೇ ಎಷ್ಟು ಬಳಕೆ ಇದೆ, ಬೇರೆ ದಾರಿ ಇದೆಯಾ ಅಂತ ಎಲ್ಲವನ್ನೂ ಒಟ್ಟಿಗೆ ತೂಗಬೇಕು. ಮೇಲಿನವರ ಯೋಜನೆಯ ಅಂಕಿಸಂಖ್ಯೆ ಕೈಗೆ ಬರದಿದ್ದರೆ ತೂಗುವುದು ಏನನ್ನು?

ಕೊನೆಗೆ ಹುಡುಗರನ್ನು ಕೆಳಗಿನ ದೇಶದ ಅಧಿಕಾರಿಗಳನ್ನಾಗಿ ಮಾಡಿ ಉತ್ತರ ಬರೆಸುತ್ತೇನೆ. ಅದಕ್ಕೆ ದೇಶಗಳು ಹಂಚಿಕೊಳ್ಳುವ ನದಿಗಳ ಬಗೆಗಿನ 1997ರ ವಿಶ್ವಸಂಸ್ಥೆ ಒಪ್ಪಂದ ಇಟ್ಟುಕೊಳ್ಳುತ್ತೇವೆ. ಭಾರತ ಇದಕ್ಕೆ ಸೇರಿಲ್ಲ, ಆದರೂ ಕಲಿಯಲು ಒಳ್ಳೆಯದು. ಇಲ್ಲಿ ಉತ್ತರಕ್ಕೆ ಆರು ತಿಂಗಳು. ಜಾಸ್ತಿ ಹುಡುಗರು ಮೊದಲ ಸಾಲಲ್ಲೇ "ನಾವು ವಿರೋಧಿಸುತ್ತೇವೆ" ಅಂತ ಬರೆಯುತ್ತಾರೆ. ಅದನ್ನು ತೆಗೆಸಿ, ಯಾವ ತಿಂಗಳು ಎಷ್ಟು ನೀರು ಹಿಡಿಯುತ್ತೀರಿ, ಬರಗಾಲದಲ್ಲಿ ಎಷ್ಟು ಬಿಡುತ್ತೀರಿ, ಪರಿಸರ ಪರಿಣಾಮದ ವರದಿ ಎಲ್ಲಿ ಅಂತ ಕೇಳಿಸುತ್ತೇನೆ. ಕೇಳಿದ ಮಾಹಿತಿಯನ್ನು, ಸಿಕ್ಕಷ್ಟಾದರೂ, ಮೇಲಿನವರು ಕೊಡಲೇಬೇಕು. ಆ ಅವಧಿ ಮುಗಿಯುವವರೆಗೆ ಇವರ ಒಪ್ಪಿಗೆ ಇಲ್ಲದೆ ಕೆಲಸ ಶುರು ಮಾಡುವಂತಿಲ್ಲ. ಆದರೆ ಆರು ತಿಂಗಳಲ್ಲಿ ಉತ್ತರವೇ ಹೋಗದಿದ್ದರೆ, ನ್ಯಾಯಸಮ್ಮತ ಬಳಕೆ ಮತ್ತು ಹಾನಿ ಮಾಡದಿರುವ ನಿಯಮಕ್ಕೆ ಬದ್ಧರಾಗಿ ಮೇಲಿನವರು ತಿಳಿಸಿದಂತೆ ಕೆಲಸ ಮುಂದುವರಿಸಬಹುದು.