ಎನ್‌ಆರ್‌ಐ ಫ್ಲ್ಯಾಟ್ ಮಾರಾಟ: ಟಿಡಿಎಸ್ ಶೇ 14.95ರಿಂದ ಶೇ 3.1ಕ್ಕೆ ಇಳಿದಿದ್ದು ಹೇಗೆ

ನನ್ನ ಬೆಂಗಳೂರಿನ ಫ್ಲ್ಯಾಟ್ 2025ರಲ್ಲಿ 1.30 ಕೋಟಿಗೆ ಕುದುರಿತು. 2014ರಲ್ಲಿ ಕೊಂಡಾಗ ನೋಂದಣಿಯೂ ಸೇರಿ 78 ಲಕ್ಷ ಬಿದ್ದಿತ್ತು. ಕೊಳ್ಳುವವರ ಆಡಿಟರ್ ಮೊದಲ ಮಾತಿಗೇ, "ಪೂರ್ತಿ ಮೊತ್ತದ ಮೇಲೆ ಶೇ 14.95 ಹಿಡಿಯೋಣ. ರಿಟರ್ನ್ ಹಾಕಿ ರೀಫಂಡ್ ತಗೊಳ್ಳಲಿ, ಸರ್ಟಿಫಿಕೇಟ್ ಎಲ್ಲಾ ಟೈಮಿಗೆ ಬರಲ್ಲ" ಎಂದರು. ಬ್ರೋಕರ್ ತಲೆಯಾಡಿಸಿದ. ದುಬೈನ ಗೆಳೆಯರದ್ದೂ ಅದೇ ರಾಗ. ಹಾಗೆ ಮಾಡಿದ್ದರೆ 19.4 ಲಕ್ಷ ಸರ್ಕಾರದ ಬಳಿ ಕೂತಿರುತ್ತಿತ್ತು. ಕಡಿಮೆ ದರದಲ್ಲಿ ಹಿಡಿಯಲು ತೆರಿಗೆ ಇಲಾಖೆ ಕೊಡುವ ಆ ಸರ್ಟಿಫಿಕೇಟ್ ಪಡೆದು ನಿಜವಾಗಿ ಹಿಡಿಸಿದ್ದು ನಾಲ್ಕು ಲಕ್ಷದ ಚಿಲ್ಲರೆ.

ಇಲ್ಲಿರುವ ಕಲಂ, ಫಾರಂ ಸಂಖ್ಯೆಗಳೆಲ್ಲ 1961ರ ಆದಾಯ ತೆರಿಗೆ ಕಾಯ್ದೆಯವು. 2026ರ ಏಪ್ರಿಲ್ 1ರಿಂದ ಹೊಸ ಕಾಯ್ದೆ ಜಾರಿಯಾಗಿರುವುದರಿಂದ ಈಗ ಮಾರುವವರು ಹೊಸ ಸಂಖ್ಯೆಗಳನ್ನು ನೋಡಿಕೊಳ್ಳಬೇಕು.

ಮೊದಲು ಲೆಕ್ಕ. ಕೊಂಡ ಬೆಲೆ 78 ಲಕ್ಷ, ದಲ್ಲಾಳಿ 1.3 ಲಕ್ಷ ಕಳೆದರೆ ಲಾಭ 50.7 ಲಕ್ಷ. ಎನ್‌ಆರ್‌ಐಗಳಿಗೆ ಹಣದುಬ್ಬರಕ್ಕೆ ತಕ್ಕಂತೆ ಕೊಂಡ ಬೆಲೆ ಏರಿಸಿಕೊಳ್ಳುವ ಇಂಡೆಕ್ಸೇಶನ್ ಆಯ್ಕೆ ಇಲ್ಲ, ನೇರ ಶೇ 12.5. ಲಾಭ 50 ಲಕ್ಷ ದಾಟಿದ್ದರಿಂದ ಸರ್‌ಚಾರ್ಜೂ ಸೇರಿ, ಸೆಸ್ ಸಮೇತ ತೆರಿಗೆ ಸುಮಾರು 7.2 ಲಕ್ಷ. ಇಲ್ಲೊಂದು ಮಜಾ ಇದೆ: ಹೂಡಿದಷ್ಟು ಲಾಭಕ್ಕೆ ತೆರಿಗೆ ತಪ್ಪಿಸುವ 54ಇಸಿ ಬಾಂಡ್ ಒಂದೇ ಲಕ್ಷದ್ದು ಕೊಂಡರೂ ಲಾಭ 50 ಲಕ್ಷದ ಕೆಳಗಿಳಿದು ತೆರಿಗೆ ಸುಮಾರು 6.5 ಲಕ್ಷಕ್ಕೆ ಬರುತ್ತದೆ. ಲಕ್ಷ ಹೂಡಿದ್ದಕ್ಕೆ ಮುಕ್ಕಾಲು ಲಕ್ಷ ಉಳಿತಾಯ. ಭಾರತದಲ್ಲಿ ಬಾಡಿಗೆ, ಬಡ್ಡಿ ಬೇರೆ ಇದ್ದರೆ ಅದನ್ನೂ ಕೂಡಿಸಿಯೇ 50 ಲಕ್ಷದ ಗೆರೆ ನೋಡಬೇಕು. ನಾನು 20 ಲಕ್ಷದ ಬಾಂಡ್ ಹಿಡಿದೆ. ಲಾಭ 30.7 ಲಕ್ಷವಾಗಿ ತೆರಿಗೆ 3.99 ಲಕ್ಷಕ್ಕೆ ನಿಂತಿತು. ಆದರೆ ಆ 20 ಲಕ್ಷ ಐದು ವರ್ಷ ಅಲ್ಲಾಡುವಂತಿಲ್ಲ, ಬಡ್ಡಿ ಶೇ 5.25, ಆ ಬಡ್ಡಿಗೂ ತೆರಿಗೆ ಉಂಟು. ಹಣ ಈಗಲೇ ಹೊರಗೆ ಬೇಕಾದವರಿಗೆ ಇದು ಒಗ್ಗುವುದಿಲ್ಲ.

ಸರ್ಟಿಫಿಕೇಟಿಗೆ ಹಾಕುವ ಫಾರಂ 13ರ ಅರ್ಜಿ ಸಾಮಾನ್ಯವಾಗಿ ಮುಗ್ಗರಿಸುವುದು ಪ್ಯಾನ್ ಬಳಿ. ಊರಲ್ಲಿದ್ದಾಗ ಮಾಡಿಸಿದ ಪ್ಯಾನ್ ಇನ್ನೂ ಸ್ಥಳೀಯ ವಾರ್ಡಿನಲ್ಲೇ ಇರುತ್ತದೆ. ಸರ್ಟಿಫಿಕೇಟ್ ಕೊಡಬೇಕಾದವರು ಇಂಟರ್‌ನ್ಯಾಷನಲ್ ಟ್ಯಾಕ್ಸೇಶನ್ ಅಧಿಕಾರಿ. ಬೆಂಗಳೂರಲ್ಲಾದರೆ ಅವರು ಕೂರುವುದು ಕೋರಮಂಗಲದ ಬಿಎಂಟಿಸಿ ಕಟ್ಟಡದಲ್ಲಿ. ಪ್ಯಾನ್ ಅಲ್ಲಿಗೆ ವರ್ಗವಾಗದೆ ಅರ್ಜಿ ಹಾಕಿದರೆ ಅದು ಹಳೇ ವಾರ್ಡಿಗೆ ಹೋಗಿ ಕೊಳೆಯುತ್ತದೆ. ತೆರಿಗೆ ಪೋರ್ಟಲ್ಲಿನಲ್ಲಿ ನಿಮ್ಮ ಅಧಿಕಾರಿ ಯಾರೆಂದು ನೋಡಿ, ಬೇರೆ ವಾರ್ಡಿದ್ದರೆ ಪಾಸ್‌ಪೋರ್ಟ್ ಮತ್ತು ವೀಸಾ ಪ್ರತಿಯೊಂದಿಗೆ ವರ್ಗಾವಣೆ ಪತ್ರ ಕೊಡಿ. ಕೊಳ್ಳುವವರು ಸಿಗುವ ಮೊದಲೇ ಈ ಕೆಲಸ ಮುಗಿದಿರಬೇಕು. ನನಗೆ ಇದಕ್ಕೇ ತಿಂಗಳ ಮೇಲೆ ಹಿಡಿಯಿತು.

ಆಮೇಲೆ ಕ್ರಯದ ಕರಾರು. ಸರ್ಟಿಫಿಕೇಟ್ ಹಿಂದಿನ ದಿನಾಂಕಕ್ಕೆ ಅನ್ವಯಿಸುವುದಿಲ್ಲ. ಅದು ಬರುವ ಮೊದಲು ಪಡೆದ ಮುಂಗಡಕ್ಕೆ ಪೂರ್ತಿ ದರವೇ. ಇಪ್ಪತ್ತು ಲಕ್ಷ ಮುಂಗಡ ತಗೊಂಡರೆ ಅಲ್ಲೇ ಮೂರು ಲಕ್ಷ ಹೋಯಿತು. ಅದಕ್ಕೇ ಟೋಕನ್ ಒಂದೇ ಲಕ್ಷ, ಉಳಿದ 1.29 ಕೋಟಿ ಸರ್ಟಿಫಿಕೇಟ್ ಬಂದ ಮೇಲೆ ಎಂದು ಕರಾರಿನಲ್ಲೇ ಬರೆಸಿದೆ. ಟೋಕನ್ನಿನ ಮೇಲೆ 14,950 ಹಿಡಿದರು, ಇರಲಿ. ಇಷ್ಟು ಸಣ್ಣ ಮುಂಗಡಕ್ಕೆ ಕೊಳ್ಳುವವರನ್ನು ಹೇಗೆ ಒಪ್ಪಿಸುವುದು ಎಂಬುದು ಅವರವರ ಚಾಕಚಕ್ಯತೆ, ನನ್ನ ದಾರಿ ನನ್ನ ಬಳಿಯೇ ಇರಲಿ.

ಆಗಿನ ನಿಯಮದಲ್ಲಿ ಕೊಳ್ಳುವವರಿಗೆ ಟ್ಯಾನ್, ಅಂದರೆ ಟಿಡಿಎಸ್ ಹಿಡಿಯುವವರ ಸಂಖ್ಯೆ, ಬೇಕಿತ್ತು. ಸರ್ಟಿಫಿಕೇಟ್ ಆ ಟ್ಯಾನಿಗೆ ಮಾತ್ರ, ಆ ಮೊತ್ತಕ್ಕೆ ಮಾತ್ರ, ಆ ಹಣಕಾಸು ವರ್ಷಕ್ಕೆ ಮಾತ್ರ. ಗಂಡ ಹೆಂಡತಿ ಇಬ್ಬರೂ ಕೊಳ್ಳುವುದಾದರೆ ಎರಡು ಟ್ಯಾನ್. ನೋಂದಣಿ ಮಾರ್ಚ್ 31 ದಾಟಿ ಹೋದರೆ ಮತ್ತೆ ಮೊದಲಿಂದ. ಹಾಗಾಗಿ ಜನವರಿ ನಂತರ ಅರ್ಜಿ ಹಾಕುವುದು ಜೂಜು.

ಫಾರಂ 13 ಹಾಕುವುದು ಇಲಾಖೆಯ ಟಿಡಿಎಸ್ ತಾಣ ಟ್ರೇಸಸ್‌ನಲ್ಲಿ. ಹೊರದೇಶದಿಂದ ಮಾಮೂಲಿ ತಾಣ ತೆರೆಯದಿದ್ದರೆ `nriservices.tdscpc.gov.in` ಬಳಸಿ. ಕ್ರಯಪತ್ರ, ಮಾರಾಟದ ಕರಾರು, ನಾಲ್ಕು ವರ್ಷದ ರಿಟರ್ನ್, ಅಂದಾಜು ಲಾಭದ ಲೆಕ್ಕ ಎಲ್ಲರೂ ಹಾಕುತ್ತಾರೆ. ಅಧಿಕಾರಿ ಹಿಡಿದು ಕೇಳುವುದು 2014ರಲ್ಲಿ ಬಿಲ್ಡರಿಗೆ ಹಣ ಹೋದ ಬ್ಯಾಂಕ್ ಸ್ಟೇಟ್‌ಮೆಂಟು. ಹತ್ತು ವರ್ಷದ ಹಳೆಯದನ್ನು ಶಾಖೆಯಿಂದ ತೆಗೆಸಲು ವಾರಗಟ್ಟಲೆ ಬೇಕು, ಮುಂಚೆಯೇ ತೆಗೆಸಿಡಿ. ಮಾಡ್ಯುಲರ್ ಕಿಚನ್‌ಗೆ ಹಾಕಿದ ನಾಲ್ಕು ಲಕ್ಷವನ್ನು ಬಿಲ್ ಇಲ್ಲದ ಕಾರಣ ಲೆಕ್ಕಕ್ಕೇ ತರಲಿಲ್ಲ. ಅಂಥದ್ದು ಸೇರಿಸಿದರೆ ಪ್ರಶ್ನೆ ಬರುತ್ತದೆ, ಪ್ರಶ್ನೆ ಬಂದರೆ ಇಪ್ಪತ್ತು ದಿನ ಹೋಗುತ್ತದೆ. ಬಾಂಡ್ ಕೊಳ್ಳುವ ಬಗ್ಗೆ ಅಫಿಡವಿಟ್ ಕೇಳಿದರು, ಕೊಟ್ಟೆ. ಅದರ ಒಕ್ಕಣೆ ನಮ್ಮ ಸಿಎಯದ್ದು, ಇಲ್ಲಿ ಹಾಕುವುದಿಲ್ಲ. ಒಂದೂವರೆ ತಿಂಗಳ ಆಸುಪಾಸಿನಲ್ಲಿ 1.29 ಕೋಟಿಗೆ ಶೇ 3.1ರ ಸರ್ಟಿಫಿಕೇಟ್ ಬಂತು. ಸಿಎ ಶುಲ್ಕ ಸುಮಾರು 30 ಸಾವಿರ.

ನೋಂದಣಿ ದಿನದ ತೊಡಕು ಕೊಳ್ಳುವವರ ಗೃಹಸಾಲದ್ದು. ಬ್ಯಾಂಕ್ ಒಂದು ಕೋಟಿಯನ್ನು ಟಿಡಿಎಸ್ ಹಿಡಿಯದೆ ನೇರ ಮಾರುವವರ ಹೆಸರಿಗೆ ಕೊಡುತ್ತದೆ. ಹಾಗಾಗಿ ಟಿಡಿಎಸ್ಸೆಲ್ಲ ಕೊಳ್ಳುವವರ ಸ್ವಂತ ಪಾಲಿನಿಂದಲೇ ಮುರಿಯಬೇಕು. ಚೆಕ್ ಬರೆಯುವ ಮೊದಲೇ ಆ ಲೆಕ್ಕ ಕಾಗದದ ಮೇಲಿರಲಿ. ಹಣ ಎನ್‌ಆರ್‌ಓ ಖಾತೆಗೇ ಬರಬೇಕು, ಹಳೇ ಉಳಿತಾಯ ಖಾತೆಗಲ್ಲ.

ಕೊಂಡವರು ಚಲನ್ ಕಟ್ಟುವುದು 195ನೇ ಕಲಂ ಅಡಿ, ಮುಂದಿನ ತಿಂಗಳ 7ರೊಳಗೆ. ನಂತರ ಟಿಡಿಎಸ್ ವಿವರ ಸಲ್ಲಿಸುವ ಫಾರಂ 27ಕ್ಯೂ. ಅಭ್ಯಾಸಬಲದಿಂದ ಕೆಲವರು 26ಕ್ಯೂಬಿಯಲ್ಲಿ ಶೇ 1 ಕಟ್ಟಿ ಕೈತೊಳೆದುಕೊಳ್ಳುತ್ತಾರೆ. ಅದು ಮಾರುವವರು ನಿವಾಸಿಯಾಗಿದ್ದಾಗ ಮಾತ್ರ. ಎನ್‌ಆರ್‌ಐ ಮಾರಿದಾಗ 50 ಲಕ್ಷದ ಮಿತಿಯೂ ಇಲ್ಲ, ಬಾಕಿ ಮತ್ತು ಬಡ್ಡಿಯ ನೋಟಿಸ್ ಬರುವುದು ಕೊಂಡವರಿಗೆ. 27ಕ್ಯೂನಲ್ಲಿ ಸರ್ಟಿಫಿಕೇಟ್ ಸಂಖ್ಯೆ ತುಂಬಿ ಕಾರಣದ ಕಾಲಂನಲ್ಲಿ `A` ಹಾಕದಿದ್ದರೂ ಕಡಿಮೆ ಹಿಡಿದಿದ್ದೀರೆಂದು ಕೊಂಡವರಿಗೇ ನೋಟಿಸ್ ಹೋಗುತ್ತದೆ. ನಾನು ಈ ಎರಡು ಕಾಲಂಗಳನ್ನು ತುಂಬಿದ ಕರಡು ನೋಡಿಯೇ ಸಲ್ಲಿಸಲು ಬಿಟ್ಟೆ.

ಹೊರಗೆ ಕಳಿಸುವುದು ಹೆದರಿದಷ್ಟು ಕಷ್ಟವಲ್ಲ. ಎನ್‌ಆರ್‌ಓನಿಂದ ಹಣಕಾಸು ವರ್ಷಕ್ಕೆ ಹತ್ತು ಲಕ್ಷ ಡಾಲರ್ ಮಿತಿ, ನಮ್ಮಂಥವರಿಗೆ ಧಾರಾಳ. ಸಿಎ ಕೊಡುವ 15ಸಿಬಿ ಪ್ರಮಾಣಪತ್ರ, ಅದರ ಮೇಲೆ ನಾವು ಹಾಕುವ 15ಸಿಎ ಘೋಷಣೆ, ಕ್ರಯಪತ್ರ, ಬ್ಯಾಂಕಿನ ಅರ್ಜಿ. ಶಾಖೆಯವರು ತೆರಿಗೆ ಜಮೆಯ ಪಟ್ಟಿಯಾದ 26ಎಎಸ್‌ನಲ್ಲಿ ಟಿಡಿಎಸ್ ಕಾಣಬೇಕು ಎಂದು ಪಟ್ಟು ಹಿಡಿದರು. ತ್ರೈಮಾಸಿಕದ 27ಕ್ಯೂ ಸಲ್ಲಿಕೆಯಾಗುವವರೆಗೆ ಅದು ಅಲ್ಲಿ ಕಾಣುವುದೇ ಇಲ್ಲ. ಚಲನ್ ಪ್ರತಿ, ಸರ್ಟಿಫಿಕೇಟ್, ಸಿಎಯ ಒಂದು ಪತ್ರ ಮುಂದಿಟ್ಟ ಮೇಲೆ ಬಿಟ್ಟರು.

ಒಂದು ಪ್ರಯೋಗವನ್ನೂ ಮಾಡಿದೆ. ಅರ್ಧ ಹಣವನ್ನು ನೇರವಾಗಿ ಹೊರಗೆ ಕಳಿಸದೆ ಅವೇ ಕಾಗದಗಳ ಮೇಲೆ ನನ್ನ ಎನ್‌ಆರ್‌ಇ ಖಾತೆಗೆ ಹಾಕಿಸಿದೆ. ಮಿತಿಯಲ್ಲಿ ಅದೂ ಲೆಕ್ಕಕ್ಕೆ ಬರುತ್ತದೆ, ಆದರೆ ಎನ್‌ಆರ್‌ಇ ಸೇರಿದ ಮೇಲೆ ಮತ್ತೆ 15ಸಿಬಿ ಬೇಡ, ದರ ನೋಡಿಕೊಂಡು ಕಳಿಸಬಹುದು. ನೇರ ಕಳಿಸಿದ ಅರ್ಧಕ್ಕೆ ಶಾಖೆ ಹೇಳಿದ ದರವೇ ಗತಿಯಾಯಿತು. ಡಾಲರಿಗೆ 50 ಪೈಸೆ ಹೆಚ್ಚುಕಡಿಮೆಯಾದರೂ ಒಂದು ಕೋಟಿಗೆ 57 ಸಾವಿರದಷ್ಟು ವ್ಯತ್ಯಾಸ. ವಿನಿಮಯದ ಮೇಲಿನ ಜಿಎಸ್‌ಟಿ ಕೋಟಿಯನ್ನು ಒಟ್ಟಿಗೆ ಕಳಿಸಿದರೂ 2,610 ರೂಪಾಯಿ ಅಷ್ಟೇ. ಚೌಕಾಸಿ ಮಾಡಬೇಕಾದ್ದು ದರದಲ್ಲಿ, ಅದನ್ನೂ ಶಾಖೆಯಲ್ಲಲ್ಲ, ಬ್ಯಾಂಕಿನ ಟ್ರೆಷರಿ ವಿಭಾಗದ ಜೊತೆ.